ಅರಬ್ಬಿ ವಾರಸು ಪತ್ರದ ಇಂಗ್ಲಿಷ್ ಅನುವಾದ: ಪಾಲುಗಳ ಲೆಕ್ಕ ತಾಳೆ ಆಗದಿದ್ದರೆ ತಪ್ಪು ಹುಡುಕುವುದು ಹೇಗೆ

ಮುಂಬೈ ಫೋರ್ಟ್‌ನ ನಮ್ಮ ಅನುವಾದ ಕಚೇರಿಗೆ ಬರುವ ಅರಬ್ಬಿ ಕಾಗದಗಳಲ್ಲಿ ಜಾಸ್ತಿ ತಲೆ ತಿನ್ನುವುದು ವಾರಸು ಪತ್ರ. ಗಲ್ಫಿನಲ್ಲಿ ದುಡಿದವರು ತೀರಿಕೊಂಡಾಗ ಅಲ್ಲಿನ ಶರಿಯಾ ಕೋರ್ಟು ಈ ಪತ್ರ ಕೊಡುತ್ತದೆ. ಸೌದಿಯಲ್ಲಿ ಇದು ‘ಸಕ್ ಹಸ್ರ್ ವರಸಾ’, ಈಜಿಪ್ಟಿನಲ್ಲಿ ‘ಇಅಲಾಮ್ ವಿರಾಸಾ’. ವಾರಸುದಾರರು ಯಾರು ಎಂದಷ್ಟೇ ಹೇಳುವ ಪತ್ರಗಳಿವೆ, ಯಾರಿಗೆ ಎಷ್ಟು ಪಾಲು ಎಂದು ಲೆಕ್ಕ ಸಮೇತ ಬರೆಯುವ ಪತ್ರಗಳೂ ಇವೆ. ತೊಂದರೆ ಕೊಡುವುದು ಈ ಎರಡನೆಯ ಬಗೆ.

ಗೊತ್ತಾಗುವ ರೀತಿ ಬಹುತೇಕ ಒಂದೇ. ಪಾಲುಗಳನ್ನೆಲ್ಲ ಕೂಡಿದರೆ ಒಂದು ಪೂರ್ತಿ ಆಸ್ತಿ ಆಗುವುದಿಲ್ಲ. ಹೆಚ್ಚಾಗುತ್ತದೆ, ಇಲ್ಲವೇ ಕಡಿಮೆ ಬೀಳುತ್ತದೆ. ಸತ್ತವರ ಹಣ ಇಂಗ್ಲೆಂಡಿನಲ್ಲಿದ್ದರೆ ಅನುವಾದ ಅಲ್ಲಿಗೆ ಹೋಗುತ್ತದೆ. ಲಂಡನ್ನಿನ ವಕೀಲರ ಮೇಜಿನ ಮೇಲೋ ಕೋರ್ಟಿನ ಗುಮಾಸ್ತರ ಕೈಯಲ್ಲೋ ಇದು ಸಿಕ್ಕಿಬೀಳುತ್ತದೆ, ಕಾಗದ ವಾಪಸ್ ಬರುತ್ತದೆ. ಆಗ ಎಲ್ಲರೂ ಮಾಡುವುದು ಏನೆಂದರೆ ಅನುವಾದವನ್ನು ಮೊದಲ ಸಾಲಿನಿಂದ ಮತ್ತೆ ಓದುವುದು. ನನ್ನ ಪ್ರಕಾರ ಅದು ಆಮೇಲೆ. ಮೊದಲು ನೋಡಬೇಕಾದ್ದು ಲೆಕ್ಕ ಎಷ್ಟರಿಂದ ತಪ್ಪಿದೆ ಎನ್ನುವುದನ್ನು. ಆ ವ್ಯತ್ಯಾಸದ ಅಂಕಿಯೇ ಬಹಳ ಸಲ ತಪ್ಪಿನ ಜಾಗವನ್ನು ತೋರಿಸಿಕೊಡುತ್ತದೆ. ಇದಕ್ಕೆ ಅರಬ್ಬಿ ಭಾಷೆ ಪೂರ್ತಿ ಬರಬೇಕೆಂದಿಲ್ಲ. ಅರಬ್ಬಿ ಅಂಕಿಗಳು, ಸಂಬಂಧ ಹೇಳುವ ಹತ್ತಾರು ಪದಗಳು ಗೊತ್ತಿದ್ದರೆ ಸಾಕು.

ಮೊದಲು ಮೂಲವನ್ನು ಕೂಡಿ

ಅನುವಾದವನ್ನು ಪಕ್ಕಕ್ಕಿಟ್ಟು ಅರಬ್ಬಿ ಮೂಲದ ಪಾಲುಗಳನ್ನೇ ಕೂಡಬೇಕು. ಪ್ರತಿ ಪತ್ರದಲ್ಲೂ ಒಂದು ಮೂಲ ಸಂಖ್ಯೆ ಇರುತ್ತದೆ: ಆಸ್ತಿಯನ್ನು ಒಟ್ಟು ಎಷ್ಟು ಭಾಗ ಮಾಡಿದ್ದಾರೆ ಎಂಬ ಸಂಖ್ಯೆ. 24 ಇರಬಹುದು, 32 ಇರಬಹುದು, ಸಾವಿರ ದಾಟಿಯೂ ಹೋಗಬಹುದು. ಒಂದೊಂದು ಭಾಗಕ್ಕೆ ‘ಸಹ್ಮ್’ ಎನ್ನುತ್ತಾರೆ. ಎಲ್ಲರ ಸಹ್ಮ್ ಕೂಡಿದರೆ ಆ ಮೂಲ ಸಂಖ್ಯೆ ಬರಬೇಕು.

ಮೂಲದಲ್ಲಿ ಸರಿಯಾಗಿ ಬಂದು ಅನುವಾದದಲ್ಲಿ ಬಾರದಿದ್ದರೆ ತಪ್ಪು ನಮ್ಮದು. ಮೂಲದಲ್ಲೇ ಬಾರದಿದ್ದರೆ ಅದರ ದಾರಿ ಬೇರೆ, ಕೊನೆಗೆ ಹೇಳುತ್ತೇನೆ. ಇಷ್ಟು ತಿಳಿಯಲು ಐದು ನಿಮಿಷ ಬೇಕಿಲ್ಲ. ಆದರೆ ಪತ್ರದ ಎಲ್ಲ ಪುಟಗಳೂ ಕೈಯಲ್ಲಿರಬೇಕು. ಹಿಂಬದಿ ಮತ್ತು ಅಂಚಿನ ಬರಹವೂ ಸೇರಿ. ಪತ್ರ ಕೊಟ್ಟ ಮೇಲೆ ಇನ್ನೊಬ್ಬ ವಾರಸುದಾರ ಸತ್ತರೆ, ಅಥವಾ ಹೆಸರು ತಿದ್ದುಪಡಿ ಆದರೆ, ಅದನ್ನು ಅಂಚಿನಲ್ಲೋ ಬೆನ್ನಲ್ಲೋ ಬರೆದು ಮೊಹರು ಹಾಕುವ ರೂಢಿಯುಂಟು. ಜನ ವಾಟ್ಸಾಪಿನಲ್ಲಿ ಮುಂಬದಿಯ ಫೋಟೋ ಮಾತ್ರ ಕಳಿಸುತ್ತಾರೆ, ಅಲ್ವಾ? ಅರ್ಧ ಗೋಳು ಅಲ್ಲೇ ಶುರು.

192ರ ಜಾಗದಲ್ಲಿ 216 ಬಂದ ಲೆಕ್ಕ

ಒಂದು ಪತ್ರವನ್ನು ಬಿಡಿಸಿ ನೋಡೋಣ. ಹೆಸರು, ಊರು ಬದಲಿಸಿ ಹೇಳುತ್ತೇನೆ. ಭಟ್ಕಳ ಕಡೆಯವರು, ಗಲ್ಫಿನಲ್ಲಿ ವ್ಯಾಪಾರ, ಲಂಡನ್ನಿನ ಬ್ಯಾಂಕೊಂದರಲ್ಲಿ ಹಣ. ಮನೆಯ ಯಜಮಾನ ತೀರಿಕೊಂಡರು. ಅವರಿಗೆ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪಾಲಾಗುವ ಮೊದಲೇ ಹೆಂಡತಿಯೂ ಹೋದರು. ಮಗ ಮೀರಾ ರೋಡಿನಲ್ಲಿದ್ದಾನೆ, ಕಾಗದದ ಓಡಾಟ ಎಲ್ಲ ಅವನದೇ. ಅನುವಾದದಲ್ಲಿ ಮೂಲ ಸಂಖ್ಯೆ 192 ಎಂದಿತ್ತು. ಪಾಲುಗಳನ್ನು ಕೂಡಿದರೆ 216.

ವ್ಯತ್ಯಾಸ 24. ಅನುವಾದದ ಪಟ್ಟಿಯಲ್ಲಿ ಹೆಂಡತಿಯ ಹೆಸರಿನ ಮುಂದೆ ಇದ್ದ ಅಂಕಿಯೂ 24. ಹೆಚ್ಚಾದದ್ದು ಒಂದು ಸಾಲಿಗೆ ಸರಿಸಮ ಆಗಿದ್ದರೆ ಆ ಸಾಲು ಅಲ್ಲಿ ಇರಬಾರದಿತ್ತು ಎಂದೇ ಮೊದಲು ಅನುಮಾನಿಸಬೇಕು.

ಲೆಕ್ಕ ನಡೆಯುವುದು ಹೀಗೆ. ಮಕ್ಕಳಿದ್ದಾಗ ಹೆಂಡತಿಗೆ ಎಂಟರಲ್ಲಿ ಒಂದು. ಉಳಿದ ಎಂಟರಲ್ಲಿ ಏಳು ಮಕ್ಕಳಿಗೆ, ಮಗನಿಗೆ ಇಬ್ಬರು ಹೆಣ್ಣುಮಕ್ಕಳಷ್ಟು. ಅಂದರೆ ಮಕ್ಕಳ ಕಡೆ ನಾಲ್ಕು ತಲೆ ಲೆಕ್ಕ. ಏಳನ್ನು ನಾಲ್ಕರಿಂದ ಸರಿಯಾಗಿ ಭಾಗಿಸಲು ಆಗುವುದಿಲ್ಲ. ಹಾಗಾಗಿ ಎಂಟನ್ನು ನಾಲ್ಕರಿಂದ ಗುಣಿಸಿ ಮೂಲ ಸಂಖ್ಯೆಯನ್ನು 32 ಮಾಡುತ್ತಾರೆ. ಹೆಂಡತಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7.

ಈಗ ಹೆಂಡತಿ ಸತ್ತರು. ಅವರ 4 ಪಾಲು ಅವರದೇ ವಾರಸುದಾರರಿಗೆ ಹೋಗಬೇಕು. ಮಕ್ಕಳು ಅವರೇ ಮೂವರು, ಜೊತೆಗೆ ಆ ಹೆಂಗಸಿನ ತಾಯಿ ಊರಲ್ಲಿ ಇನ್ನೂ ಬದುಕಿದ್ದರು. ಮಕ್ಕಳಿದ್ದಾಗ ತಾಯಿಗೆ ಆರರಲ್ಲಿ ಒಂದು. ಉಳಿದ ಆರರಲ್ಲಿ ಐದನ್ನು ಮತ್ತೆ ನಾಲ್ಕು ತಲೆಗೆ ಹಂಚಬೇಕು, ಆದ್ದರಿಂದ ಎರಡನೆಯ ಸಾವಿನ ಮೂಲ ಸಂಖ್ಯೆ 24. ತಾಯಿಗೆ 4, ಮಗನಿಗೆ 10, ಹೆಣ್ಣುಮಕ್ಕಳಿಗೆ ತಲಾ 5. ಕೈಯಲ್ಲಿರುವ 4 ಪಾಲನ್ನು 24 ಚೂರು ಮಾಡಬೇಕಾದರೆ ಎಲ್ಲವನ್ನೂ ಆರರಿಂದ ಗುಣಿಸಬೇಕು. 32 ಆರಲಿ 192. ಹೀಗೆ ಎರಡು ಸಾವುಗಳನ್ನು ಒಂದೇ ಲೆಕ್ಕಕ್ಕೆ ತರುವುದಕ್ಕೆ ‘ಮುನಾಸಖಾ’ ಎನ್ನುತ್ತಾರೆ.

```
ಮೊದಲ ಸಾವು : ಹೆಂಡತಿ 24 + ಮಗ 84 + ಮಗಳು 42 + ಮಗಳು 42 = 192
ಎರಡನೆಯದು : ತಾಯಿ 4 + ಮಗ 10 + ಮಗಳು 5 + ಮಗಳು 5 = 24
ಕೊನೆಗೆ      : ತಾಯಿ 4 + ಮಗ 94 + ಮಗಳು 47 + ಮಗಳು 47 = 192
```

ಮೂಲ ಪತ್ರದಲ್ಲಿ ಇದು ಕೋಷ್ಟಕವಾಗಿತ್ತು. ಬಲದಿಂದ ಎಡಕ್ಕೆ ಹೋಗುತ್ತದೆ: ಮೊದಲ ಸಾವಿನ ಕಾಲಂ, ಎರಡನೆಯ ಸಾವಿನ ಕಾಲಂ, ಎಡತುದಿಯಲ್ಲಿ ಕೊನೆಯ ಮೊತ್ತ. ಕೊನೆಯ ಕಾಲಮಿನಲ್ಲಿ ಹೆಂಡತಿಯ ಸಾಲು ಖಾಲಿ. ಅನುವಾದದ ಪಟ್ಟಿ ಟೈಪ್ ಮಾಡಿದವರು ಖಾಲಿ ಕೋಣೆ ನೋಡಿ ಏನೋ ಬಿಟ್ಟುಹೋಗಿದೆ ಎಂದುಕೊಂಡು ಮೊದಲ ಕಾಲಮಿನ 24 ಅನ್ನು ಎಳೆದು ತಂದು ಕೂರಿಸಿದ್ದರು. ಸತ್ತವರಿಗೂ ಪಾಲು, ಅವರ ವಾರಸುದಾರರಿಗೂ ಅದೇ ಪಾಲು.

ಇಂಥ ಕೋಷ್ಟಕಗಳಲ್ಲಿ ನಡುವೆ ಸತ್ತವರ ಸಾಲಿಗೆ ಕೆಲವರು ಅರಬ್ಬಿಯ ‘ತ’ ಅಕ್ಷರ ಒಂದನ್ನೇ ಗುರುತಾಗಿ ಹಾಕುತ್ತಾರೆ. ತಟ್ಟೆಯಂಥ ಒಂದು ಗೆರೆ, ಮೇಲೆ ಎರಡು ಚುಕ್ಕಿ. ಜೆರಾಕ್ಸಿನ ಜೆರಾಕ್ಸ್ ಮಾಡಿದಾಗ ಚುಕ್ಕಿ ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ, ಕೋಣೆಯ ಕೊಳೆ ಎಂದೇ ಕಣ್ಣು ದಾಟಿಬಿಡುತ್ತದೆ. ಅನುವಾದದಲ್ಲಿ ಆ ಗುರುತಿನ ಜಾಗದಲ್ಲಿ ‘ಮೃತ’ ಎಂದು ಸ್ಪಷ್ಟವಾಗಿ ಬರೆಯಬೇಕು. ಖಾಲಿ ಕೋಣೆ ಖಾಲಿಯೇ ಇರಬೇಕು.

ಸಾಲನ್ನು ತೆಗೆದ ಮೇಲೆ ಮೊತ್ತ 192ಕ್ಕೆ ಬಂತು. ಕೆಲಸ ಮುಗಿಯಿತು ಅನ್ನಿಸುತ್ತದೆ. ಇಲ್ಲ, ಇನ್ನೊಂದು ತಪ್ಪು ಹಾಗೇ ಕೂತಿತ್ತು. ಅದನ್ನು ಹಿಡಿದದ್ದು ಮಗನೇ.

“ಶೆಟ್ರೇ, ಇಲ್ಲಿ ‘ಮದರ್’ ಅಂತ ಇದೆಯಲ್ಲ, ಯಾರಿದು? ಅಪ್ಪನ ಅಮ್ಮ ಅಪ್ಪನಿಗಿಂತ ಮೊದಲೇ ಹೋಗಿದ್ದಾರೆ.”

ಅವನು ಕೇಳಿದ್ದು ಸರಿ. ಎರಡನೆಯ ಕಾಲಮಿನಲ್ಲಿ ‘ಉಮ್ಮ್’ ಎಂದಿತ್ತು, ಅಂದರೆ ತಾಯಿ. ಆದರೆ ಯಾರ ತಾಯಿ? ಆ ಕಾಲಂ ಹೆಂಡತಿಯ ಸಾವಿನದು, ಅಲ್ಲಿನ ಸಂಬಂಧಗಳೆಲ್ಲ ಹೆಂಡತಿಯಿಂದ ಎಣಿಸಿದ್ದು. ಕಾಲಂ ಕಳಚಿ ಒಂದೇ ಪಟ್ಟಿ ಮಾಡಿದಾಗ ಅದು ಯಜಮಾನನ ತಾಯಿ ಎಂದು ಓದಿಸಿಕೊಳ್ಳುತ್ತದೆ. ಯಜಮಾನನ ತಾಯಿ ಬದುಕಿದ್ದರೆ ಅವರಿಗೆ ಇಡೀ ಆಸ್ತಿಯಲ್ಲೇ ಆರರಲ್ಲಿ ಒಂದು, ಅಂದರೆ 192ರಲ್ಲಿ 32 ಬರಬೇಕಿತ್ತು. ಪಟ್ಟಿಯಲ್ಲಿರುವುದು 4. ವಿದೇಶದ ಕೋರ್ಟಿನಲ್ಲಿ ಶರಿಯಾ ಲೆಕ್ಕ ಬಲ್ಲ ತಜ್ಞರು ಕೂತಿದ್ದರೆ ಈ 32, 4ರ ಅಂತರ ನೋಡಿ ಪತ್ರವೇ ಸುಳ್ಳೇನೋ ಎಂದುಕೊಳ್ಳುತ್ತಾರೆ. ಮೊತ್ತ ತಾಳೆ ಆಗಿದ್ದರೂ ಸಂಬಂಧದ ಪದ ತಪ್ಪಿದ್ದರೆ ಹೀಗಾಗುತ್ತದೆ. ಆದ್ದರಿಂದ ಮುನಾಸಖಾ ಪತ್ರದಲ್ಲಿ ಪ್ರತಿ ಹೆಸರಿನ ಮುಂದೆ ‘ಎರಡನೆಯ ಮೃತರ ತಾಯಿ’ ಎನ್ನುವ ಹಾಗೆ ಯಾರಿಂದ ಎಣಿಸಿದ ಸಂಬಂಧ ಎಂದು ಕಾಣಬೇಕು. ಮೂಲದಲ್ಲಿ ಅದು ಕಾಲಮಿನ ತಲೆಬರಹದಲ್ಲಿ ಇದ್ದೇ ಇರುತ್ತದೆ. ನಾವು ಕೋಷ್ಟಕವನ್ನು ಕೋಷ್ಟಕವಾಗಿಯೇ ಉಳಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಹೆಚ್ಚಾದದ್ದು ಒಂದು ಸಾಲಿಗೆ ಸಮ ಆಗಲು ಇನ್ನೊಂದು ಕಾರಣವೂ ಇದೆ. ‘ಇಬ್ಬರು ಹೆಣ್ಣುಮಕ್ಕಳಿಗೆ 94’ ಎಂದು ಮೂಲದಲ್ಲಿದ್ದರೆ ಅದು ಇಬ್ಬರಿಗೂ ಸೇರಿ. ಅನುವಾದದಲ್ಲಿ ಇಬ್ಬರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಇಬ್ಬರ ಮುಂದೆಯೂ 94 ಹಾಕಿದರೆ ಮೊತ್ತ 286. ಹೆಚ್ಚಾದದ್ದು 94. ಈ ಕುಟುಂಬದಲ್ಲಿ ಮಗನ ಪಾಲೂ 94 ಇರುವುದರಿಂದ ಅನುಮಾನ ಸುಮ್ನೆ ಮಗನ ಮೇಲೆ ಹೋಗಬಹುದು. ಆಗ ಮೂಲದಲ್ಲಿ ‘ತಲಾ’ ಎಂಬ ಮಾತು ಇದೆಯೇ ನೋಡಬೇಕು. ಜೊತೆಗೆ ಮಗಳ ಪಾಲು ಮಗನ ಅರ್ಧ ಇದೆಯೇ ಎಂದೂ ನೋಡಿ, ಎಲ್ಲರೂ ಒಂದೇ ತಾಯಿತಂದೆಯ ಮಕ್ಕಳಾದಾಗ ಅದು ಮೀರುವುದಿಲ್ಲ.

ಹೆಚ್ಚಾದರೂ ತಪ್ಪಲ್ಲದ ಲೆಕ್ಕ

ಈಗ ಮೇಲಿನ ಉಪಾಯವೇ ಕೈಕೊಡುವ ಸಂದರ್ಭ. ಸತ್ತವರಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ. ಗಂಡುಮಕ್ಕಳಿಲ್ಲ. ಹೆಂಡತಿಗೆ ಎಂಟರಲ್ಲಿ ಒಂದು, ಹೆಣ್ಣುಮಕ್ಕಳಿಬ್ಬರಿಗೂ ಸೇರಿ ಮೂರರಲ್ಲಿ ಎರಡು, ತಂದೆಗೆ ಆರರಲ್ಲಿ ಒಂದು, ತಾಯಿಗೆ ಆರರಲ್ಲಿ ಒಂದು. 24 ಭಾಗಕ್ಕೆ ತಂದರೆ:

```
3 + 16 + 4 + 4 = 27
```

ಆಸ್ತಿಯೇ 24, ಪಾಲುಗಳು 27. ಸುನ್ನಿ ಪಂಗಡಗಳು ಇದಕ್ಕೆ ‘ಔಲ್’ ಎಂಬ ಪರಿಹಾರ ಇಟ್ಟಿವೆ. ಮೂಲ ಸಂಖ್ಯೆಯನ್ನೇ 27ಕ್ಕೆ ಏರಿಸುತ್ತಾರೆ. ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಹೆಂಡತಿಗೆ 27ರಲ್ಲಿ 3, ಅಂದರೆ ನಿಜದಲ್ಲಿ ಒಂಬತ್ತರಲ್ಲಿ ಒಂದು. ಆದರೂ ಪತ್ರದ ವಾಕ್ಯದಲ್ಲಿ ‘ಎಂಟರಲ್ಲಿ ಒಂದು’ ಎಂದೇ ಇರುತ್ತದೆ, ಏಕೆಂದರೆ ಅದು ಅವಳ ನಿಗದಿತ ಹಕ್ಕಿನ ಹೆಸರು. ಪಕ್ಕದಲ್ಲಿ 27ರಲ್ಲಿ 3 ಎಂಬ ಅಂಕಿ.

ಇಲ್ಲಿ ಎರಡು ಬಗೆಯ ‘ತಿದ್ದುಪಡಿ’ ನಡೆಯುತ್ತದೆ, ಎರಡೂ ಕೆಟ್ಟವು. ಒಬ್ಬರು 27 ಅನ್ನು ಟೈಪಿಂಗ್ ತಪ್ಪು ಎಂದುಕೊಂಡು 24 ಮಾಡುತ್ತಾರೆ. ಎಂಟರಲ್ಲಿ ಒಂದು ಅಂದರೆ 24ರಲ್ಲಿ 3 ತಾನೇ, ನೋಡಿ ಎಷ್ಟು ಚೆನ್ನಾಗಿ ಕೂತಿತು! ಆದರೆ ಈಗ ಮೊತ್ತ ಒಂದನ್ನು ಮೀರುತ್ತದೆ. ಇನ್ನೊಬ್ಬರು ವಾಕ್ಯದಲ್ಲಿರುವ ಎಂಟರಲ್ಲಿ ಒಂದನ್ನು ಒಂಬತ್ತರಲ್ಲಿ ಒಂದು ಮಾಡುತ್ತಾರೆ. ಪಕ್ಕದ ಅಂಕಿಯ ಜೊತೆ ಅದು ತಾಳೆ ಆಗುತ್ತದೆ, ಆದರೆ ಅರಬ್ಬಿ ಓದುವವರು ಮೂಲ ಹಿಡಿದು ಕೂತರೆ ಆ ಮಾತು ಅಲ್ಲಿ ಇಲ್ಲವೇ ಇಲ್ಲ.

ಮೊದಲನೆಯ ತಪ್ಪಿನಲ್ಲಿ ಒಂದು ಗುಂಡಿ ಇದೆ. 27ರಿಂದ 24 ಕಳೆದರೆ 3. ಹೆಂಡತಿಯ ಸಾಲಿನಲ್ಲಿರುವುದೂ 3. ಈಗತಾನೇ ಹೇಳಿದ ಉಪಾಯವನ್ನು ಕಣ್ಣುಮುಚ್ಚಿ ಬಳಸಿದರೆ, ಹೆಂಡತಿ ನಡುವೆ ಸತ್ತಿರಬೇಕು ಎಂದು ಬದುಕಿರುವ ಹೆಂಗಸಿನ ಸಾಲನ್ನೇ ಹೊಡೆದುಹಾಕಿಬಿಡುತ್ತೀರಿ. ಹಾಗಾಗಿ ಸಾಲು ತೆಗೆಯುವ ಮೊದಲು ಎರಡು ನೋಡಿ. ಮೂಲದಲ್ಲಿ ಎರಡನೆಯ ಸಾವಿನ ತಾರೀಕು ಇದೆಯೇ? ಮೂಲ ಸಂಖ್ಯೆಯೇ 27 ಎಂದಿದೆಯೇ? ಔಲ್ ಆಗಿ ಏರಿದ ಮೂಲ ಸಂಖ್ಯೆಗಳು ಎಣಿಸಿದಷ್ಟೇ ಇವೆ: 6 ಏರಿದರೆ 7, 8, 9 ಅಥವಾ 10 ಆಗುತ್ತದೆ, 12 ಏರಿದರೆ 13, 15 ಅಥವಾ 17, 24 ಏರಿದರೆ 27 ಮಾತ್ರ. ಸರಳ ಪತ್ರದಲ್ಲಿ 13, 17, 27 ಕಂಡರೆ ತಿದ್ದಲು ಹೋಗಬೇಡಿ, ಬಹುಪಾಲು ಅದು ಔಲ್.

ಶಿಯಾ ಜಾಫರಿ ಪಂಗಡ ಔಲ್ ಒಪ್ಪುವುದಿಲ್ಲ. ಅಲ್ಲಿ ಇದೇ ಕುಟುಂಬಕ್ಕೆ ಮೂಲ ಸಂಖ್ಯೆ 24 ಆಗಿಯೇ ಉಳಿಯುತ್ತದೆ, ಕೊರತೆ ಹೆಣ್ಣುಮಕ್ಕಳ ಪಾಲಿನ ಮೇಲೆ ಬಿದ್ದು ಅವರಿಗೆ 16ರ ಬದಲು 13. ಬಹ್ರೇನಿನಲ್ಲಿ ಸುನ್ನಿ ಕೋರ್ಟೂ ಉಂಟು, ಜಾಫರಿ ಕೋರ್ಟೂ ಉಂಟು. ಒಂದೇ ಊರು, ಒಂದೇ ಬಗೆಯ ಕುಟುಂಬ, ಬೇರೆ ಅಂಕಿ, ಎರಡೂ ಸರಿ. ಅದಕ್ಕೇ ನಾನು ಹೇಳುವುದು: ಲೆಕ್ಕ ಹಾಕುವುದು ತಪ್ಪು ಹುಡುಕಲಿಕ್ಕೆ ಮಾತ್ರ. ನಮ್ಮ ಲೆಕ್ಕವನ್ನು ಅನುವಾದದೊಳಗೆ ತೂರಿಸಬಾರದು.

ವ್ಯತ್ಯಾಸ 1, 5, 10, 50 ಆಗಿದ್ದರೆ

ಇದು ಕಣ್ಣಿನ ತಪ್ಪು. ಅರಬ್ಬಿ ಎರಡಕ್ಕೆ ತಲೆಯಲ್ಲಿ ಒಂದು ಬಾಗು, ಮೂರಕ್ಕೆ ಎರಡು. ಮಸುಕು ಸ್ಕ್ಯಾನಿನಲ್ಲಿ ಎರಡೂ ಒಂದೇ. 42 ಹೋಗಿ 43 ಆದರೆ ವ್ಯತ್ಯಾಸ 1, ಹತ್ತರ ಸ್ಥಾನದಲ್ಲಾದರೆ 10. ಅರಬ್ಬಿಯ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಅವರ ಸೊನ್ನೆ ಬರೀ ಚುಕ್ಕಿ. ಐದನ್ನು ಸೊನ್ನೆ ಎಂದು ಓದಿದರೆ 5 ಅಥವಾ 50 ಕಡಿಮೆ ಬೀಳುತ್ತದೆ. ಚುಕ್ಕಿಯೇ ಅಳಿಸಿಹೋಗಿದ್ದರೆ 40 ಇದ್ದದ್ದು 4 ಆಗುತ್ತದೆ. ಪತ್ರದಲ್ಲಿ ಅಂಕಿಯ ಜೊತೆ ಅಕ್ಷರದಲ್ಲೂ ಬರೆದಿದ್ದರೆ ಅಕ್ಷರ ನೋಡಿದರೆ ಮುಗಿಯಿತು.

ಗೀಟು ಹಾಕಿ ಬರೆದ ಭಿನ್ನರಾಶಿ ತಲೆಕೆಳಗಾಗುವುದೂ ಇದೇ ಜಾತಿಯದು. ಬಲದಿಂದ ಓದುವವರಿಗೆ ಬಲಗಡೆಯ ಅಂಕಿ ಮೊದಲು. ಕಂಪ್ಯೂಟರಿನಲ್ಲಿ ಗೀಟಿನ ಅಕ್ಕಪಕ್ಕ ಜಾಗ ಬಿಟ್ಟು ಅರಬ್ಬಿ ಅಂಕಿ ಟೈಪ್ ಮಾಡಿದರೆ 24ರಲ್ಲಿ 7 ಎನ್ನುವುದು ನಮ್ಮ ಕಣ್ಣಿಗೆ 24 / 7 ಎಂದು ಕಾಣುತ್ತದೆ. ಯಾರ ಪಾಲೂ ಇಡೀ ಆಸ್ತಿಗಿಂತ ದೊಡ್ಡದಿರಲಾರದು, ಹಾಗಾಗಿ ಇದನ್ನು ಹಿಡಿಯುವುದು ಸುಲಭ. ಕಾಣುವ ಹಾಗೆ ನಕಲು ಮಾಡದೆ ದೊಡ್ಡ ಅಂಕಿಯನ್ನು ಕೆಳಗೆ ಹಾಕಿ ಹೊಸದಾಗಿ ಟೈಪ್ ಮಾಡಿ.

ತಿದ್ದಿ ಕಳಿಸುವಾಗ

ಭಿನ್ನರಾಶಿಯನ್ನು ಚಿಕ್ಕದು ಮಾಡಬೇಡಿ. 192ರಲ್ಲಿ 4 ಅಂದರೆ 48ರಲ್ಲಿ 1, ಗಣಿತದಲ್ಲಿ ತಪ್ಪೇನಿಲ್ಲ. ಆದರೆ ಒಂದು ಸಾಲಿನಲ್ಲಿ 48, ಇನ್ನೊಂದರಲ್ಲಿ 96, ಮತ್ತೊಂದರಲ್ಲಿ 192 ಇದ್ದರೆ ಗುಮಾಸ್ತರು ಮೂಲದ ಜೊತೆ ಹೋಲಿಸುವುದು ಹೇಗೆ? ಶೇಕಡಾ ಮಾಡುವುದು ಇನ್ನೂ ಕಷ್ಟ. ಇದೇ ಕುಟುಂಬದ ಪಾಲುಗಳನ್ನು ಒಂದು ದಶಾಂಶಕ್ಕೆ ತಂದರೆ 2.1, 49.0, 24.5, 24.5. ಕೂಡಿದರೆ 100.1. ಇಲ್ಲದ ತಪ್ಪನ್ನು ನಾವೇ ಹುಟ್ಟಿಸಿದ ಹಾಗೆ.

ಔಲ್, ಮುನಾಸಖಾ ಥರದ ವಿಷಯಕ್ಕೆ ಒಂದು ಸಾಲಿನ ಅನುವಾದಕರ ಟಿಪ್ಪಣಿ ಹಾಕಬಹುದು. ಚೌಕ ಕಂಸದೊಳಗೆ, ಅನುವಾದಕರದು ಎಂದು ಹೇಳಿ: ಮೂಲದಲ್ಲಿ ಹೀಗೇ ಇದೆ, ಪಾಲುಗಳ ಮೊತ್ತ 27. ಅಷ್ಟು ಸಾಕು. ಅದು ಏಕೆ ಹಾಗೆ ಎಂದು ಕೋರ್ಟಿಗೆ ವಿವರಿಸುವುದು ಅನುವಾದಕರ ಕೆಲಸ ಅಲ್ಲ. ಇಂಗ್ಲೆಂಡಿನಲ್ಲಿ ವಿದೇಶಿ ಕಾನೂನನ್ನು ತಜ್ಞರ ಸಾಕ್ಷ್ಯದಿಂದ ತೋರಿಸಬೇಕು, ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಈ ಪತ್ರ ಅಲ್ಲಿ ಎಲ್ಲಕ್ಕೂ ನಡೆಯುತ್ತದೆ ಎಂದೂ ಅಲ್ಲ. ಬ್ಯಾಂಕಿನ ಹಣದಂಥ ಚರಾಸ್ತಿಗೆ ಸತ್ತವರ ಕಾಯಂ ನೆಲೆ ಯಾವ ದೇಶವೋ ಅಲ್ಲಿನ ಕಾನೂನು. ಲಂಡನ್ನಿನಲ್ಲಿ ಮನೆಯಿದ್ದರೆ ಆ ಮನೆಗೆ ಇಂಗ್ಲೆಂಡಿನದೇ ಕಾನೂನು.

ಒಂದು ಅಂಕಿ ತಿದ್ದಿದರೂ ಅನುವಾದವನ್ನು ಪೂರ್ತಿ ಮತ್ತೆ ಪ್ರಿಂಟ್ ತೆಗೆದು ಹೊಸ ಪ್ರಮಾಣಪತ್ರ ಲಗತ್ತಿಸಬೇಕು. ನಿಜವಾದ, ನಿಖರವಾದ ಅನುವಾದ ಎಂಬ ಮಾತು, ತಾರೀಕು, ಅನುವಾದಕರ ಪೂರ್ತಿ ಹೆಸರು, ಸಂಪರ್ಕ ವಿವರ ಅದರಲ್ಲಿರಲಿ. ಹಳೆಯ ಪುಟದ ಮೇಲೆ ಬಿಳಿ ಶಾಯಿ ಹಚ್ಚಿ ಸಹಿ ಹಾಕಿದ್ದನ್ನು ನೋಡಿದ್ದೇನೆ, ಅದು ವಾಪಸ್ ಬರದೆ ಇರುವುದಿಲ್ಲ.

ಇನ್ನು ಮೂಲದಲ್ಲೇ ಮೊತ್ತ ತಪ್ಪಿದ್ದರೆ. ಅಂಚು, ಬೆನ್ನು ಎಲ್ಲ ನೋಡಿ, ಔಲ್ ಅಲ್ಲ ಎಂದು ಖಚಿತವಾದ ಮೇಲೂ 192ರ ಜಾಗದಲ್ಲಿ 191 ಬರುತ್ತಿದ್ದರೆ, ಅದು ಪತ್ರ ಕೊಟ್ಟ ಕೋರ್ಟಿನ ಗುಮಾಸ್ತರ ಕೈತಪ್ಪು. ಅನುವಾದದಲ್ಲಿ ಇದ್ದ ಹಾಗೇ ಬರೆದು ‘ಮೂಲದಲ್ಲಿ ಹೀಗಿದೆ’ ಎಂದು ಟಿಪ್ಪಣಿ ಹಾಕಬೇಕು, ಸರಿ ಮಾಡಬಾರದು. ಕುಟುಂಬದವರು ಆ ಕೋರ್ಟಿಗೇ ಅರ್ಜಿ ಹಾಕಿ ತಿದ್ದುಪಡಿ ಆದೇಶ ತರಿಸಬೇಕು. ಆದೇಶ ಬೇರೆ ಕಾಗದವಾಗಿ ಬಂದರೆ ಅದಕ್ಕೂ ಮೊಹರು, ದೃಢೀಕರಣ ಎಲ್ಲ ಮೊದಲಿನಿಂದ ಆಗಬೇಕು, ಎರಡನ್ನೂ ಜೊತೆಗೇ ಅನುವಾದಿಸಿ ಒಟ್ಟಿಗೆ ಕಳಿಸಬೇಕು. ಆದೇಶ ಕೈಗೆ ಬರುವವರೆಗೆ ಪರದೇಶದ ಕೋರ್ಟಿನಲ್ಲಿ ಸಮಯ ಕೇಳಿಡಿ ಎಂದು ಅಲ್ಲಿನ ವಕೀಲರಿಗೆ ಅದೇ ದಿನ ತಿಳಿಸುವುದು ಒಳ್ಳೆಯದು.